ಎಐ ಬರೆದುಕೊಟ್ಟರೂ ಲಾಭವಾಗದ ಅಸೈನ್‌ಮೆಂಟ್ ಕೊಡುವುದು ಹೇಗೆ?

ಚಾಟ್‌ಜಿಪಿಟಿ ಜನರ ಕೈಗೆ ಸಿಕ್ಕಿದ್ದು 2022ರ ನವೆಂಬರ್ ಕೊನೆಯಲ್ಲಿ. ನಮ್ಮ ಪಿಯು ಕಾಲೇಜುಗಳಲ್ಲಿ ಭಾಷಾ ವಿಷಯಗಳಿಗೂ 20 ಅಂಕದ ಆಂತರಿಕ ಮೌಲ್ಯಮಾಪನ ಬಂದಿದ್ದು 2023-24ರಲ್ಲಿ. ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಹಾಗಾಗಿ ಅಸೈನ್‌ಮೆಂಟ್ ಅಂದರೆ ಮೊಬೈಲ್‌ನಲ್ಲಿ ಕೇಳು, ಹಾಳೆಗೆ ಇಳಿಸು, ಸ್ಟೇಷನರಿ ಅಂಗಡಿಯಲ್ಲಿ ಸ್ಪೈರಲ್ ಹಾಕಿಸು ಎಂದು ಮಕ್ಕಳು ಬಹಳ ಬೇಗ ಕಲಿತುಬಿಟ್ಟರು. ಸ್ಟಾಫ್ ರೂಮಿನ ಮೇಜಿನ ಮೇಲೆ ಅರವತ್ತು ಪ್ರಬಂಧ ಬಿದ್ದಿರುತ್ತವೆ. ಅರವತ್ತರಲ್ಲೂ ‘ಸಂತೆಯು ಗ್ರಾಮೀಣ ಆರ್ಥಿಕತೆಯ ಬೆನ್ನೆಲುಬು’ ಎಂದಿರುತ್ತದೆ.

ಇದಕ್ಕೆ ನಮ್ಮವರು ಮಾಡುವ ಮೊದಲ ಮದ್ದು: ‘ಕೈಬರಹದಲ್ಲೇ ಬರೆದು ತನ್ನಿ’. ಇದರಿಂದ ಏನೂ ಆಗುವುದಿಲ್ಲ. ಪ್ರಿಂಟ್ ತೆಗೆಸುವ ಬದಲು ಮೊಬೈಲ್ ನೋಡಿಕೊಂಡು ಇಳಿಸುತ್ತಾರೆ, ಅಷ್ಟೇ. ಬೆರಳು ನೋಯುತ್ತದೆ, ತಲೆ ಆರಾಮಾಗಿರುತ್ತದೆ.

ಎರಡನೆಯ ಮದ್ದು ಎಐ ಪತ್ತೆ ಮಾಡುವ ಆ್ಯಪ್. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದನ್ನು ಬಿಟ್ಟಿತ್ತು. ಅವರದೇ ಲೆಕ್ಕದಲ್ಲಿ ಅದು ಯಂತ್ರ ಬರೆದ ಬರಹಗಳಲ್ಲಿ ಶೇ 26ರಷ್ಟನ್ನು ಮಾತ್ರ ಹಿಡಿಯುತ್ತಿತ್ತು. ಮನುಷ್ಯರು ಬರೆದದ್ದರಲ್ಲಿ ಶೇ 9ರಷ್ಟನ್ನು ಯಂತ್ರದ್ದು ಎನ್ನುತ್ತಿತ್ತು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಇನ್ನೂ ಕೆಟ್ಟದಾಗಿ ಕೆಲಸ ಮಾಡುತ್ತದೆ ಎಂದು ಅವರೇ ಹೇಳಿದ್ದರು. ಆರು ತಿಂಗಳಲ್ಲಿ, ಜುಲೈಗೆ, ಅದನ್ನು ವಾಪಸ್ ತೆಗೆದುಕೊಂಡರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಇಂಥ ಏಳು ಆ್ಯಪ್‌ಗಳನ್ನು ಪರೀಕ್ಷೆ ಮಾಡಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿಯನ್ನು ಅವು ‘ಯಂತ್ರದ್ದು’ ಎಂದುಬಿಟ್ಟವು. ನಮ್ಮ ಮಕ್ಕಳು ಇಂಗ್ಲಿಷ್‌ನಲ್ಲಿ ಬರೆದರೆ ಇದೇ ಗತಿ. ಇಂಥ ಆ್ಯಪ್ ನಂಬಿಕೊಂಡು ಒಬ್ಬ ಹುಡುಗನನ್ನು ಕಳ್ಳ ಅನ್ನುವುದು ಹೇಗೆ?

ಹಾಗಾಗಿ ಹಿಡಿಯುವ ಯೋಚನೆ ಬಿಡಿ. ಅಂಕಗಳನ್ನು ಯಂತ್ರದ ಕೈ ಸುಲಭಕ್ಕೆ ಹೋಗದ ಜಾಗದಲ್ಲಿ ಇಡಿ. ಎಐ ಕೈಲಿ ಮಾಡಿಸುವ ತಾಪತ್ರಯ ತಾನೇ ಮಾಡುವ ತಾಪತ್ರಯಕ್ಕೆ ಸಮ ಆದರೆ ಸಾಕು, ಮುಕ್ಕಾಲು ಪಾಲು ಮಕ್ಕಳು ತಾವೇ ಮಾಡುತ್ತಾರೆ. ಪ್ರಥಮ ಪಿಯು ಕನ್ನಡ ತರಗತಿಯ 10 ಅಂಕದ ಒಂದು ಅಸೈನ್‌ಮೆಂಟ್ ಇಟ್ಟುಕೊಂಡು ಹೇಗೆ ಅಂತ ಹೇಳುತ್ತೇನೆ. ಮೂರು ಪೀರಿಯಡ್ ಬೇಕು. ಅದಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲ.

ಮೊದಲು: ಪ್ರಶ್ನೆ ಬದಲಿಸಿ

‘ಗ್ರಾಮೀಣ ಜೀವನದಲ್ಲಿ ಸಂತೆಯ ಪಾತ್ರ’ ಎಂದು ಕೇಳಿದರೆ ಯಂತ್ರ ನಿಮಗಿಂತ ಚೆನ್ನಾಗಿ ಬರೆಯುತ್ತದೆ. ಯಾಕೆಂದರೆ ಉತ್ತರ ಯಾವ ಊರಿಗಾದರೂ ಹೊಂದುತ್ತದೆ. ಅದರ ಬದಲು ಹೀಗೆ ಕೇಳಿ: ‘ನಿಮ್ಮೂರ ಸಂತೆಗೆ ಹೋಗಿ. ಒಂದೇ ಅಂಗಡಿಯ ಹತ್ತಿರ ಇಪ್ಪತ್ತು ನಿಮಿಷ ನಿಲ್ಲಿ. ಕಂಡದ್ದು, ಕೇಳಿದ್ದು ಬರೆದುಕೊಂಡು ಬನ್ನಿ.’ ಸಂತೆ ಇಲ್ಲದ ಊರಿನವರು ತರಕಾರಿ ಗಾಡಿ, ಹೂವಿನ ಅಂಗಡಿ, ಚಹಾ ಅಂಗಡಿ ಯಾವುದಾದರೂ ಆರಿಸಿಕೊಳ್ಳಲಿ.

ಎರಡು: ಟಿಪ್ಪಣಿಗೆ ಅಳತೆ ಕೊಡಿ

‘ಟಿಪ್ಪಣಿ ಮಾಡಿಕೊಳ್ಳಿ’ ಎಂದಷ್ಟೇ ಹೇಳಿದರೆ ಎರಡು ಸಾಲು ತರುತ್ತಾರೆ. ಏನೇನು ಬೇಕು ಅಂತ ಬಿಡಿಸಿ ಹೇಳಿ. ಮೂರು ಬೆಲೆ. ಜನರ ಬಾಯಿಂದ ಬಂದ ಎರಡು ಮಾತು, ಅವರು ಆಡಿದ ಹಾಗೇ. ಒಂದು ವಾಸನೆ ಅಥವಾ ಸದ್ದು. ಅಂಗಡಿಯವರ ಕೈ ಮಾಡುತ್ತಿದ್ದ ಒಂದು ಕೆಲಸ. ಕೊನೆಗೆ, ನನಗೆ ಇದು ಬಹಳ ಮುಖ್ಯ, ‘ನಿಮಗೆ ಅರ್ಥವಾಗದ ಒಂದು ಸಂಗತಿ’.

ಈ ಕೊನೆಯದರಲ್ಲಿ ಒಳ್ಳೆಯ ಮಾಲು ಸಿಗುತ್ತದೆ. ದನದ ಸಂತೆಗೆ ಹೋಗಿದ್ದ ಒಬ್ಬ ಹುಡುಗ ಬರೆದಿದ್ದ: ‘ಇಬ್ಬರೂ ಟವೆಲ್ ಕೆಳಗೆ ಕೈ ಹಿಡಿದುಕೊಂಡರು. ಬಾಯಲ್ಲಿ ಏನೂ ಹೇಳಲಿಲ್ಲ. ಒಬ್ಬರು ತಲೆ ಅಲ್ಲಾಡಿಸಿದರು. ಮತ್ತೆ ಕೈ ಹಿಡಿದರು. ಏನು ಮಾಡ್ತಿದ್ದಾರೆ ಗೊತ್ತಾಗಲಿಲ್ಲ.’ ಬೆರಳು ಹಿಡಿದು ರೇಟು ಹೇಳುವ ಹಳೆಯ ಪದ್ಧತಿ ಅದು. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದಲ್ಲ! ಎಐಗೆ ಈ ಪದ್ಧತಿ ಗೊತ್ತಿಲ್ಲ ಅಂತಲ್ಲ, ಕೇಳಿದರೆ ಹೇಳಬಹುದು. ಆದರೆ ‘ಗೊತ್ತಾಗಲಿಲ್ಲ’ ಎಂದು ಅದು ತಾನಾಗಿ ಬರೆಯುವುದು ಅಪರೂಪ. ಎಲ್ಲಕ್ಕೂ ಅರ್ಥ ಹಚ್ಚಿಯೇ ಕೊಡುತ್ತದೆ.

ಟಿಪ್ಪಣಿಯನ್ನೇ ಎಐ ಕೈಲಿ ಬರೆಸಿದರೆ ಅಂತ ಕೇಳುತ್ತೀರಿ, ಅಲ್ವಾ? ಬರೆಸುತ್ತಾರೆ, ಕೆಲವರು. ಅದಕ್ಕೇ ಟಿಪ್ಪಣಿಗೆ 2 ಅಂಕ ಮಾತ್ರ. ಅಂಥವರಿಗೆ ಮುಂದಿನ ಹೆಜ್ಜೆಯಲ್ಲಿ ತಾನಾಗಿಯೇ ಕಷ್ಟ ಆಗುತ್ತದೆ. ಟಿಪ್ಪಣಿ ಹಾಳೆಗಳನ್ನು ಬರೆಯುವ ದಿನಕ್ಕಿಂತ ಹಿಂದಿನ ದಿನವೇ ವಸೂಲು ಮಾಡಿ, ಮೂಲೆಯಲ್ಲಿ ಸಹಿ ಹಾಕಿ, ಕಪಾಟಿನಲ್ಲಿಡಿ. ಓದಿ ತಿದ್ದಲು ಹೋಗಬೇಡಿ. ಸುಮ್ನೆ ಕಣ್ಣಾಡಿಸಿ, ಯಾರದು ತೀರಾ ತೆಳುವಾಗಿದೆ ನೋಡಿಕೊಳ್ಳಿ, ಸಾಕು.

ಮೂರು: ತರಗತಿಯಲ್ಲೇ ಕರಡು ಬರೆಸುವುದು

ಎಲ್ಲರೂ ಎಡವುವುದು ಇಲ್ಲಿ. ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ‘ನಾಳೆ ತರಗತಿಯಲ್ಲಿ ಸಂತೆ ಬಗ್ಗೆ ಬರೆಯಬೇಕು’ ಎಂದು ಮೇಡಂ ಮೊದಲೇ ಹೇಳಿರುತ್ತಾರೆ. ಮಕ್ಕಳು ರಾತ್ರಿ ಎಐ ಕೈಲಿ ಬರೆಸಿ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಬಾಯಿಪಾಠದಲ್ಲಿ ನಮ್ಮ ಮಕ್ಕಳನ್ನು ಮೀರಿಸುವವರಿಲ್ಲ, ಹತ್ತು ವರ್ಷ ಅದನ್ನೇ ತಾನೇ ಕಲಿಸಿರುವುದು. ಮೇಡಂ ‘ಬರೀರಿ’ ಎಂದು ಹೇಳಿ ಹಾಜರಿ ಪುಸ್ತಕ ತುಂಬುತ್ತಾ ಕೂರುತ್ತಾರೆ. ಗಂಟೆ ಹೊಡೆದಾಗ ಅದೇ ಅರವತ್ತು ‘ಬೆನ್ನೆಲುಬು’ ಮತ್ತೆ ಮೇಜಿಗೆ ಬರುತ್ತದೆ. ಆಮೇಲೆ ‘ಈ ಪದ್ಧತಿ ನಮ್ಮ ಕಾಲೇಜಿಗೆ ಆಗಿಬರಲ್ಲ’ ಎನ್ನುತ್ತಾರೆ.

ಇದನ್ನು ಮುರಿಯುವುದು ತಿರುವು ಪ್ರಶ್ನೆ. ವಿಷಯ ಮಕ್ಕಳಿಗೆ ಮೊದಲೇ ಗೊತ್ತಿರಲಿ, ಪರವಾಗಿಲ್ಲ. ಆದರೆ ಯಾವ ದಿಕ್ಕಿನಿಂದ ಬರೆಯಬೇಕು ಎನ್ನುವುದು ಪೀರಿಯಡ್ ಶುರುವಾದ ಮೇಲೆ ಬೋರ್ಡಿನ ಮೇಲೆ ಬರಬೇಕು. ಅದಕ್ಕೆ ಟಿಪ್ಪಣಿ ಇಲ್ಲದೆ ಉತ್ತರಿಸಲು ಬರಬಾರದು. ನಾನು ಬಳಸುವ ಒಂದು ತಿರುವು: ‘ನೀವು ಇಪ್ಪತ್ತು ನಿಮಿಷ ನಿಂತಿದ್ದಾಗ ಅಂಗಡಿಯವರೂ ನಿಮ್ಮನ್ನು ನೋಡುತ್ತಿದ್ದರು. ಆ ಹೊತ್ತನ್ನು ಅವರ ಕಡೆಯಿಂದ ಬರೆಯಿರಿ. ನಿಮ್ಮ ಟಿಪ್ಪಣಿಯ ಮೂರು ಸಂಗತಿಗಳಾದರೂ ಬರಬೇಕು. ಬಳಸಿದ ಕಡೆ ಅಡಿಗೆರೆ ಎಳೆಯಿರಿ.’ ಬಾಯಿಪಾಠ ಮಾಡಿದ ‘ಸಂತೆಯ ಮಹತ್ವ’ ಇಲ್ಲಿ ಕೂರುವುದೇ ಇಲ್ಲ.

ಎ ಸೆಕ್ಷನ್‌ಗೆ ಕೊಟ್ಟ ತಿರುವನ್ನು ಬಿ ಸೆಕ್ಷನ್‌ಗೆ ಕೊಡಬೇಡಿ. ಕ್ಯಾಂಟೀನಿನಲ್ಲಿ ಸುದ್ದಿ ಹರಡಲು ಹತ್ತು ನಿಮಿಷ ಸಾಕು. ಬಿ ಸೆಕ್ಷನ್‌ಗೆ ‘ನಿಮ್ಮ ಟಿಪ್ಪಣಿಯ ಒಂದು ಬೆಲೆಯಿಂದ ಶುರು ಮಾಡಿ. ಆ ಬೆಲೆಗೆ ಒಪ್ಪದ ಒಬ್ಬರು ಬರಲಿ’ ಎಂದು ಕೊಡಬಹುದು.

ಈಗ ಆ ಒಂದು ಗಂಟೆ ಹೇಗೆ ನಡೆಯಬೇಕು ಅಂತ ನೋಡೋಣ. ಮೊದಲ ಐದು ನಿಮಿಷ ಮೊಬೈಲ್, ಚೀಲ ಎಲ್ಲಾ ಮುಂದೆ. ಟಿಪ್ಪಣಿ ಹಾಳೆ ವಾಪಸ್ ಕೊಡಿ. ಬರೆಯುವ ಹಾಳೆಯನ್ನೂ ನೀವೇ ಕೊಡಿ, ನಿಮ್ಮ ಸಹಿ ಮತ್ತು ದಿನಾಂಕ ಹಾಕಿದ್ದು. ಅವರದೇ ಹಾಳೆ ಆದರೆ ಬರೆದು ತಂದದ್ದು ಕೆಳಗಿನಿಂದ ಮೇಲೆ ಬರುತ್ತದೆ.

ಆಮೇಲೆ ತಿರುವು ಬೋರ್ಡಿಗೆ. ಅದನ್ನು ಬರೆದ ತಕ್ಷಣ ‘ಶುರು ಮಾಡಿ’ ಎನ್ನಬೇಡಿ. ಅರ್ಧ ತರಗತಿ ಪೆನ್ನು ಕಚ್ಚುತ್ತಾ ಕೂರುತ್ತದೆ. ಪಕ್ಕದವರಿಗೆ ಎರಡೆರಡು ನಿಮಿಷ ಬಾಯಲ್ಲಿ ಹೇಳಲು ಬಿಡಿ. ಕೇಳುವವರ ಕೆಲಸ ಒಂದೇ, ಪ್ರಶ್ನೆ ಕೇಳುವುದು. ‘ಆಮೇಲೆ ಅಜ್ಜಿ ಏನಂದ್ರು? ಚಿಲ್ಲರೆ ಕೊಟ್ರಾ ಇಲ್ವಾ?’ ಎಂದು ಕೇಳಿದಾಗ ಟಿಪ್ಪಣಿಯಲ್ಲಿ ಇಲ್ಲದ್ದೂ ನೆನಪಿಗೆ ಬರುತ್ತದೆ. ಸಂತೆಗೆ ಹೋಗಿರದವನು ಸಿಕ್ಕಿಬೀಳುವುದೂ ಇಲ್ಲೇ. ನೀವು ಹಿಡಿಯಬೇಕಾಗಿಯೇ ಇಲ್ಲ, ಅದೇ ಸಂತೆಗೆ ಹೋಗುವ ಪಕ್ಕದ ಬೆಂಚಿನವಳೇ ‘ಏ, ಅಲ್ಲಿ ಹೂವಿನ ಅಂಗಡಿ ಎಲ್ಲಿದೆ?’ ಎನ್ನುತ್ತಾಳೆ. ತರಗತಿ ಐದು ನಿಮಿಷ ಗದ್ದಲ ಆಗುತ್ತದೆ. ಪ್ರಾಂಶುಪಾಲರಿಗೆ ಮೊದಲೇ ಹೇಳಿಡಿ.

ಆಮೇಲೆ ಇಪ್ಪತ್ತೈದು ನಿಮಿಷ ಬರಹ. ಒಂದರಿಂದ ಒಂದೂವರೆ ಪುಟ ಸಾಕು. ಕಾಗುಣಿತಕ್ಕೆ ಅಂಕ ಕಳೆಯುವುದಿಲ್ಲ ಎಂದು ಜೋರಾಗಿ ಹೇಳಿ. ಹೇಳಿದ ಮೇಲೆ ಕಳೆಯಬೇಡಿ. ಹೊಡೆದುಹಾಕಿದ್ದನ್ನು ಒಂದು ಗೆರೆಯಲ್ಲಿ ಹೊಡೆದುಹಾಕಲಿ, ಓದಲು ಬರುವ ಹಾಗೆ. ವೈಟ್ನರ್ ತಂದವರ ಕೈಯಿಂದ ಕಿತ್ತುಕೊಳ್ಳಿ. ಅದೊಂದು ವಸ್ತು ಬರಹದ ತರಗತಿಗೆ ಕಾಲಿಡಬಾರದು. ನಮಗೆ ಬೇಕಿರುವುದೇ ಅವರು ಏನನ್ನು ಬದಲಿಸಿದರು ಎನ್ನುವುದು, ಅದನ್ನು ಬಿಳಿ ಬಳಿದು ಮುಚ್ಚಿದರೆ ಹೇಗೆ?

ನೀವು ಕೂರಬೇಡಿ. ಹತ್ತು ನಿಮಿಷ ಆದಾಗ ಬೆಂಚುಗಳ ನಡುವೆ ಓಡಾಡಿ, ಪ್ರತಿಯೊಬ್ಬರೂ ಎಲ್ಲಿಗೆ ಬಂದಿದ್ದಾರೋ ಅಲ್ಲಿ ಹಾಳೆಯ ಅಂಚಿಗೆ ಕೆಂಪು ಪೆನ್ನಿನಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಅರವತ್ತು ಮಕ್ಕಳಿಗೆ ಐದಾರು ನಿಮಿಷ ಹಿಡಿಯುತ್ತದೆ. ಮಾತಾಡಬೇಡಿ, ತಪ್ಪು ತೋರಿಸಬೇಡಿ, ಬರೀ ಗೆರೆ. ಯೋಚಿಸಿ ಬರೆಯುವವರು ಆ ಹೊತ್ತಿಗೆ ಐದಾರು ಸಾಲು ಬರೆದು ಎರಡನ್ನು ಹೊಡೆದುಹಾಕಿರುತ್ತಾರೆ. ಬಾಯಿಪಾಠ ಇಳಿಸುವವರದು ಒಂದು ಪುಟ ಆಗಿರುತ್ತದೆ, ಒಂದೂ ಗೀಟು ಇರುವುದಿಲ್ಲ. ಹಾಗಂತ ಗೀಟಿಲ್ಲದವರೆಲ್ಲ ಕಳ್ಳರಲ್ಲ, ಸರಾಗವಾಗಿ ಬರೆಯುವ ಮಕ್ಕಳೂ ಇರುತ್ತಾರೆ. ಗೆರೆಯನ್ನು ಸಾಕ್ಷಿ ಮಾಡಿಕೊಂಡು ಯಾರನ್ನೂ ಕೇಳಲು ಹೋಗಬೇಡಿ. ಯಾರ ಹತ್ತಿರ ಇನ್ನೊಂದು ನಿಮಿಷ ನಿಲ್ಲಬೇಕು ಎಂದು ತಿಳಿಯಲು ಅದು ಇರುವುದು.

ಪೂರ್ತಿ ನಿಂತುಹೋದವರೂ ಇರುತ್ತಾರೆ. ಅವರಿಗೆ ವಾಕ್ಯ ಹೇಳಿಕೊಡಬೇಡಿ. ಟಿಪ್ಪಣಿಯ ಮೇಲೆ ಬೆರಳಿಟ್ಟು ‘ಇದನ್ನ ಹೇಳಿದಾಗ ಅವರ ಮುಖ ಹೇಗಿತ್ತು?’ ಎಂದು ಕೇಳಿ ಮುಂದೆ ಹೋಗಿ. ಉತ್ತರ ನಿಮಗೆ ಬೇಡ, ಹಾಳೆಗೆ ಬೇಕು.

ಬರಹ ನಿಲ್ಲಿಸಿದ ಮೇಲೆ ಇನ್ನೂ ಇಪ್ಪತ್ತು ನಿಮಿಷ ಉಳಿದಿರುತ್ತದೆ. ಐದು ನಿಮಿಷ ತಮ್ಮದನ್ನು ತಾವೇ ತುಟಿ ಅಲ್ಲಾಡಿಸುತ್ತಾ ಓದಿಕೊಳ್ಳಲಿ. ನಂತರ ಬೇರೆ ಬಣ್ಣದ ಪೆನ್ನು ಹಿಡಿದು ತಿದ್ದಲಿ. ಮೊದಲು ನೀಲಿ ಇದ್ದರೆ ಈಗ ಕಪ್ಪು. ಕನಿಷ್ಠ ಒಂದು ವಾಕ್ಯ ಸೇರಿಸಬೇಕು, ಒಂದನ್ನು ಕಿತ್ತು ಹಾಕಬೇಕು. ಗಂಟೆಗೆ ಮೊದಲು ಎಲ್ಲಾ ಹಾಳೆ ನಿಮ್ಮ ಕೈಗೆ ಬರಬೇಕು. ‘ಮನೇಲಿ ಮುಗಿಸಿ ತರ್ತೀನಿ ಸರ್’ ಎಂದವರಿಗೆ ಬೇಡ ಎನ್ನಿ. ಅರ್ಧ ಆಗಿದ್ದರೆ ಅರ್ಧವೇ ಇರಲಿ. ಕರಡಿಗೆ 4 ಅಂಕ. ಅದನ್ನು ಕೊಡುವುದು ಟಿಪ್ಪಣಿಯ ಸಂಗತಿಗಳು ಬಂದಿವೆಯೇ, ತಿರುವಿಗೆ ಉತ್ತರ ಇದೆಯೇ ಎಂದು ನೋಡಿ. ಮುಗಿದಿದೆಯೋ ಇಲ್ಲವೋ ಲೆಕ್ಕಕ್ಕಿಲ್ಲ.

ಹೋದ ಸಲದ್ದೊಂದು ಕರಡು ತೋರಿಸುತ್ತೇನೆ. ಹುಡುಗಿಯ ಟಿಪ್ಪಣಿ: ‘ಕೊತ್ತಂಬರಿ ಕಟ್ಟು 10. ಐದು ರೂಪಾಯಿ ಚಿಲ್ಲರೆ ಇಲ್ಲ ಅಂತ ಪುದೀನ ಕೊಟ್ಟರು. ನೀರು ಚಿಮುಕಿಸ್ತಾ ಇರ್ತಾರೆ.’ ಅಂಗಡಿಯವರ ಕಡೆಯಿಂದ ನೀಲಿಯಲ್ಲಿ ಬರೆದದ್ದು: ‘ಈ ಹುಡುಗಿ ಆಗಿನಿಂದ ನಿಂತಿದಾಳೆ. ತಗೊಳ್ಳಲ್ಲ, ಹೋಗಲ್ಲ. ಸೊಪ್ಪಿಗೆ ನೀರು ಹಾಕೋದನ್ನ ಬರ್ಕೊತಾಳೆ. ನಾನು ಪರಿಶ್ರಮದಿಂದ ಜೀವನ ಸಾಗಿಸುತ್ತಿದ್ದೇನೆ.’ ಕೊನೆಯ ವಾಕ್ಯ ಎಲ್ಲಿಂದ ಬಂತು ಎಂದು ನಿಮಗೂ ಗೊತ್ತು, ಪ್ರಬಂಧದ ಚಟ. ಕಪ್ಪು ಪೆನ್ನಿನಲ್ಲಿ ಅವಳೇ ಅದನ್ನು ಹೊಡೆದು ಬರೆದಿದ್ದಳು: ‘ನೀರು ಹಾಕಿದ್ರೆ ತೂಕ ಜಾಸ್ತಿ ಅಂತ ಬರ್ಕೊತಾ ಇದಾಳೋ ಏನೋ. ಕಟ್ಟಿನ ಲೆಕ್ಕ ಮಾರೋದು ಕಣಮ್ಮಾ, ತೂಕ ಎಲ್ಲಿ ಬಂತು.’ ಈ ಎರಡು ಬಣ್ಣದ ನಡುವೆ ಏನಾಯಿತೋ ಅದಕ್ಕೇ ನಾವು ಅಂಕ ಕೊಡುತ್ತಿರುವುದು.

ನಾಲ್ಕು: ‘ಏನನ್ನಿಸಿತು?’ ಎಂದು ಕೇಳಬೇಡಿ

ಸ್ವಂತ ಅನುಭವ ಬರೆಸಿದರೆ ಎಐ ಸೋಲುತ್ತದೆ ಎಂದು ಬಹಳ ಜನ ನಂಬಿದ್ದಾರೆ. ತಪ್ಪು. ‘ಈ ಚಟುವಟಿಕೆಯಿಂದ ನಿಮಗೆ ಏನನ್ನಿಸಿತು?’ ಎಂದು ಕೇಳಿ ನೋಡಿ. ‘ಈ ಅನುಭವ ನನ್ನ ಜೀವನದ ದೃಷ್ಟಿಕೋನವನ್ನೇ ಬದಲಿಸಿತು’ ಎಂದು ಸಲೀಸಾಗಿ ಕೊಡುತ್ತದೆ. ಇಲ್ಲದ ಅಜ್ಜಿಯನ್ನೂ ಹುಟ್ಟಿಸಿ ಕಣ್ಣೀರು ಹಾಕಿಸುತ್ತದೆ.

ಕೇಳಬೇಕಾದ್ದು ಅವರ ಕರಡಿನ ಬಗ್ಗೆ. ಎರಡನೆಯ ಪೀರಿಯಡ್‌ನಲ್ಲಿ ಕರಡು ವಾಪಸ್ ಕೊಟ್ಟು, ಅದನ್ನು ಎದುರಿಗಿಟ್ಟುಕೊಂಡು ಹದಿನೈದು ನಿಮಿಷದಲ್ಲಿ ಅಲ್ಲೇ ಬರೆಸಿ. ಕಪ್ಪಿನಲ್ಲಿ ಹೊಡೆದುಹಾಕಿದ ಒಂದು ವಾಕ್ಯ ಯಾವುದು, ಯಾಕೆ ತೆಗೆದೆ? ಟಿಪ್ಪಣಿಯಲ್ಲಿದ್ದೂ ಕರಡಿಗೆ ಬಾರದ ಒಂದು ಸಂಗತಿ ಯಾವುದು, ಯಾಕೆ ಬಿಟ್ಟೆ? ಎರಡೇ ಪ್ರಶ್ನೆ, ಎರಡು ಅಂಕ. ಸೊಪ್ಪಿನ ಹುಡುಗಿ ಬರೆದದ್ದು: ‘ಪರಿಶ್ರಮ ಅನ್ನೋದು ತೆಗೆದೆ, ಅವರು ಹಂಗೆ ಮಾತಾಡಲ್ಲ. ಪುದೀನ ಬಿಟ್ಟೆ, ಯಾಕಂದ್ರೆ ಚಿಲ್ಲರೆ ಇತ್ತು, ಡಬ್ಬಿಯಲ್ಲಿ ಕಾಣ್ತಿತ್ತು. ಅದನ್ನ ಬರೆದ್ರೆ ಅವರನ್ನ ಕೆಟ್ಟವರು ಮಾಡಿದಂಗೆ ಆಗುತ್ತೆ.’ ಹಾಳೆಯೇ ಯಂತ್ರದ ಹತ್ತಿರ ಇಲ್ಲದಾಗ ಇದನ್ನು ಅದು ಎಲ್ಲಿಂದ ತರುತ್ತದೆ?

ಒಂದು ಎಚ್ಚರಿಕೆ. ಸ್ವಂತದ್ದು ಅಂದ ತಕ್ಷಣ ಮನೆಯ ಕಷ್ಟ, ಅಪ್ಪನ ಕುಡಿತ, ಸಾವು ನೋವು ಕೇಳುವವರಿದ್ದಾರೆ. ಬೇಡ. ಅಂಕಕ್ಕಾಗಿ ಮಕ್ಕಳು ಮನೆಯ ಗುಟ್ಟು ಬಿಚ್ಚುವ ಹಾಗೆ ಆಗಬಾರದು. ಹೊರಗೆ ಕಂಡದ್ದನ್ನು ಕೇಳಿ. ಒಳಗಿನದನ್ನು ಅವರು ತಾವಾಗಿ ತಂದರೆ ತರಲಿ, ಅದನ್ನು ತರಗತಿಗೆ ಓದಬೇಡಿ.

ಐದು: ಒಂದು ನಿಮಿಷದ ಮಾತು, ಒಂದು ಅಂಕ

ಮೂರನೆಯ ಪೀರಿಯಡ್. ಅರವತ್ತು ಮಕ್ಕಳಾದರೆ ಒಬ್ಬರಿಗೆ ಒಂದು ನಿಮಿಷವೂ ಪೂರ್ತಿ ಸಿಗುವುದಿಲ್ಲ. ಆರಾರು ಜನರ ಗುಂಪು ಮಾಡಿ, ತಾವು ಬರೆದದ್ದರ ಬಗ್ಗೆ ಗುಂಪಿನೊಳಗೇ ಹೇಳಲಿ, ನೀವು ಸುತ್ತಾಡಿ ಕೇಳಿ. ಅಷ್ಟು ಸಾಕು.

ಆರು: ಚೆನ್ನಾಗಿ ಬರೆದ ಪ್ರತಿ

ಇದು ಮನೆಯಲ್ಲಿ. ಇದಕ್ಕೂ ಒಂದೇ ಅಂಕ. ಕಾಗುಣಿತಕ್ಕೆ ಎಐ ಬಳಸಿದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಬಳಸಿದ್ದರೆ ಕೊನೆಯಲ್ಲಿ ಒಂದು ಸಾಲು ಬರೆದು ತಿಳಿಸಲಿ. ಸ್ಪೈರಲ್, ಬಣ್ಣದ ಕವರ್ ತಂದರೆ ವಾಪಸ್ ಕಳಿಸುತ್ತೇನೆ. ಕರಡು, ಟಿಪ್ಪಣಿ, ಪ್ರತಿ ಮೂರನ್ನೂ ಒಂದೇ ಪಿನ್ ಹಾಕಿ ಕೊಡಬೇಕು. ಪ್ರತಿ ಕರಡಿಗಿಂತ ಪೂರ್ತಿ ಬೇರೆಯೇ ಆಗಿದ್ದರೆ, ಪುನಃ ‘ಪರಿಶ್ರಮ’ ‘ಬೆನ್ನೆಲುಬು’ ಹೊಕ್ಕಿದ್ದರೆ, ಜಗಳಕ್ಕೆ ನಿಲ್ಲಬೇಡಿ. ಆ ಒಂದು ಅಂಕ ಕೊಡಬೇಡಿ, ಅಷ್ಟೇ. ಉಳಿದ ಒಂಬತ್ತರಲ್ಲಿ ಏಳು ನಿಮ್ಮ ಕಣ್ಣೆದುರೇ ಬಂದಿರುತ್ತದೆ.

ಒಂದು ಅಡ್ಡದಾರಿ ಬಗ್ಗೆಯೂ ಹೇಳಬೇಕು. ಪ್ರಶ್ನೆಯ ಪಿಡಿಎಫ್‌ನಲ್ಲಿ ಬಿಳಿ ಅಕ್ಷರದಲ್ಲಿ ಕಾಣದ ಹಾಗೆ ಏನಾದರೂ ಅಸಂಬದ್ಧ ಸೂಚನೆ ಸೇರಿಸಿ, ಅದು ಉತ್ತರದಲ್ಲಿ ಬಂದರೆ ಹಿಡಿಯುವುದು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇದು ಓಡಾಡುತ್ತಿದೆ. ಫೋಟೊ ಹೊಡೆದು ಕೇಳಿದರೆ ಇದು ಕೆಲಸಕ್ಕೆ ಬರುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಮಾತ್ರ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆ ಮಗು ಪ್ರಾಮಾಣಿಕವಾಗಿ ಅದಕ್ಕೂ ಉತ್ತರ ಬರೆದು ಸಿಕ್ಕಿಬೀಳುತ್ತದೆ.

ಈ ಪದ್ಧತಿ ಎಲ್ಲಿ ಸೋಲುತ್ತದೆ

ಸಮಯ ಹಾಕಿ ಬರೆಸಿದಾಗ ನಿಧಾನವಾಗಿ ಬರೆಯುವವರಿಗೆ ಪೆಟ್ಟು ಬೀಳುತ್ತದೆ. ಅಕ್ಷರ ಜೋಡಿಸಲು ಕಷ್ಟಪಡುವ ಮಕ್ಕಳಿಗೆ ಇನ್ನೂ ಜಾಸ್ತಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಅಥವಾ ಬರೆಯುವ ಸಹಾಯಕರು ಸಿಗುವ ಮಕ್ಕಳಿಗೆ ಇಲ್ಲೂ ಅದೇ ಕೊಡಿ. ಉಳಿದವರಲ್ಲಿ ಕಷ್ಟ ಕಂಡರೆ ಊಟದ ವಿರಾಮದಲ್ಲಿ ಇನ್ನೊಂದು ಹದಿನೈದು ನಿಮಿಷ ಸ್ಟಾಫ್ ರೂಮಿನಲ್ಲಿ ಕೂರಿಸಿ. ಆ ದಿನ ಬಾರದವರಿಗೆ ಲೈಬ್ರರಿಯಲ್ಲಿ ಮರುದಿನ, ಬೇರೆ ತಿರುವು. ಬಸ್ಸು ತಪ್ಪಿದ್ದಕ್ಕೆ ನಾಲ್ಕು ಅಂಕ ಹೋಗುವುದು ನ್ಯಾಯವಲ್ಲ.

ತಿದ್ದುವ ಕೆಲಸವೂ ಕಡಿಮೆಯೇನಲ್ಲ. ಒಂದು ಹಾಳೆಗೆ ಮೂರು ನಿಮಿಷ ಅಂದರೂ ಅರವತ್ತಕ್ಕೆ ಮೂರು ಗಂಟೆ. ನೂರಿಪ್ಪತ್ತು ಮಕ್ಕಳಿದ್ದರೆ ಎರಡು ಸೆಕ್ಷನ್‌ಗೂ ಒಂದೇ ವಾರ ಇಟ್ಟುಕೊಳ್ಳಬೇಡಿ. ವರ್ಷಕ್ಕೆ ಒಂದೇ ಸಲ ಮಾಡಿದರೂ ಸಾಕು, ಆದರೆ ಪೂರ್ತಿ ಮಾಡಿ.

ಕೊನೆಯದಾಗಿ, ಜಾಗ ಬದಲಿಸುತ್ತಿರಿ. ಸೀನಿಯರ್‌ಗಳ ಟಿಪ್ಪಣಿ ಜೂನಿಯರ್‌ಗಳಿಗೆ ಹೋಗಿಯೇ ಹೋಗುತ್ತದೆ. ಈ ವರ್ಷ ಸಂತೆ ಆದರೆ ಮುಂದಿನ ವರ್ಷ ಬಸ್ ಸ್ಟ್ಯಾಂಡ್, ಅದರ ಮುಂದಿನ ವರ್ಷ ಹಿಟ್ಟಿನ ಗಿರಣಿ. ಗಿರಣಿಯಲ್ಲಿ ಸದ್ದಿಗೆ ಮಾತು ಕೇಳಿಸುವುದಿಲ್ಲ. ಅಲ್ಲಿಗೆ ಕಳಿಸುವಾಗ ‘ಎರಡು ಮಾತು’ ಎನ್ನುವ ಕಡೆ ‘ಎರಡು ಕೈಸನ್ನೆ’ ಎಂದು ತಿದ್ದಿಕೊಳ್ಳಿ.